ಬೆಳಗಾವಿ ಡೀಲರ್‌ಗೆ ಕಳಿಸಿದ ಸೀರೆ: ಲಾಭಕ್ಕೆ ಮಾರಿದರೂ ಖಾತೆಯಲ್ಲಿ ನಷ್ಟ ಯಾಕೆ?

ಇಳಕಲ್ ಸೀರೆ ಅಂಗಡಿ:
ನಮಸ್ಕಾರ. ಬೆಳಗಾವಿಯ ಡೀಲರ್ ಒಬ್ಬರಿಗೆ ಕಮಿಷನ್ ಮೇಲೆ 100 ಇಳಕಲ್ ಸೀರೆ ಕಳಿಸಿದ್ದೇವೆ. ನಮಗೆ ಒಂದಕ್ಕೆ 1,500 ರೂಪಾಯಿ ಬಿದ್ದಿದೆ. ಪ್ಯಾಕಿಂಗ್, ಲಾರಿ ಬಾಡಿಗೆ ಸೇರಿ 4,400 ನಾವೇ ಕೊಟ್ಟೆವು. ಮಾರ್ಚ್ 31ರವರೆಗಿನ ಲೆಕ್ಕ ಅವರು ಕಳಿಸಿದ್ದಾರೆ. 2,200ರಂತೆ 70 ಸೀರೆ ಮಾರಿ 1,54,000 ಬಂದಿದೆ. ಅದರಲ್ಲಿ ಇಳಿಸಿದ ಹಮಾಲಿ 600, ಗೋದಾಮು ಬಾಡಿಗೆ 1,800, ಶೇ 5 ಕಮಿಷನ್ 7,700 ಮುರಿದುಕೊಂಡಿದ್ದಾರೆ. ಎಲ್ಲವನ್ನೂ ಕನ್ಸೈನ್‌ಮೆಂಟ್ ಖಾತೆಗೆ ಹಾಕಿದೆ. ಡೆಬಿಟ್ 1,64,500, ಕ್ರೆಡಿಟ್ 1,54,000. ಸೀರೆಗೆ 700 ಜಾಸ್ತಿ ಬಂದರೂ 10,500 ನಷ್ಟ ತೋರಿಸುತ್ತಿದೆ. ಎಲ್ಲಿ ತಪ್ಪಿದೆ?

ಬೆಳಗಾವಿ ಕಿರಾಣಿ:
ಉಳಿದ 30 ಸೀರೆ ಎಲ್ಲಿ ಅಕ್ಕಾರ? 100 ಸೀರೆಯ ಖರೀದಿ ಡೆಬಿಟ್ ಆಗಿದೆ, 70ರ ಮಾರಾಟ ಮಾತ್ರ ಕ್ರೆಡಿಟ್ ಆಗಿದೆ. ಮಾಲು ಡೀಲರ್ ಅಂಗಡಿಯಲ್ಲಿದ್ದರೂ ನಿಮ್ಮದೇ ಅಲ್ವಾ? 30 ಸೀರೆಗೆ 45,000. ಒಟ್ಟು ಖರ್ಚು 14,500, ಅದರಲ್ಲಿ ಶೇ 30 ಅಂದರೆ 4,350. ಎರಡೂ ಸೇರಿಸಿ 49,350 ಸ್ಟಾಕ್ ಹಿಡಿಯಿರಿ.

ಬಾಗಲಕೋಟೆ ಲೆಕ್ಕದವರು:
ಸ್ಟಾಕ್ ಬಿಟ್ಟುಹೋಗಿದೆ ಅನ್ನೋದು ಸರಿ. ಮೊತ್ತ ಮಾತ್ರ ಜಾಸ್ತಿ ಆಯಿತು. ಮಾಲು ಡೀಲರ್ ಗೋದಾಮಿಗೆ ಮುಟ್ಟುವವರೆಗಿನ ಖರ್ಚಷ್ಟೇ ಸ್ಟಾಕ್ ಬೆಲೆಗೆ ಸೇರುತ್ತದೆ. ನಿಮ್ಮ 4,400 ಮತ್ತು ಅವರ ಹಮಾಲಿ 600, ಒಟ್ಟು 5,000. ಹಮಾಲಿ ಕೊಟ್ಟವರು ಡೀಲರ್ ಆದರೂ ಅದು ಸೇರುತ್ತದೆ. ಯಾರು ಕೊಟ್ಟರು ಅನ್ನೋದು ಮುಖ್ಯ ಅಲ್ಲ, ಯಾತಕ್ಕೆ ಕೊಟ್ಟರು ಅನ್ನೋದು ನೋಡಬೇಕು. ಕಮಿಷನ್ 7,700 ಬಂದದ್ದೇ ಮಾರಿದ 70 ಸೀರೆಯಿಂದ. ಮಾರದ 30ರ ಮೇಲೆ ಅದನ್ನು ಹೊರಿಸಿದರೆ ಈ ವರ್ಷದ ಖರ್ಚು ಮುಂದಿನ ವರ್ಷಕ್ಕೆ ಜಾರುತ್ತದೆ. ಗೋದಾಮು ಬಾಡಿಗೆ ಮಾಲು ಮುಟ್ಟಿದ ಮೇಲಿನದು, ಅದೂ ಬೇಡ.

ಹಾಗಾಗಿ 45,000ಕ್ಕೆ 5,000ದಲ್ಲಿ ಶೇ 30, ಅಂದರೆ 1,500 ಸೇರಿಸಿ 46,500. ಜರ್ನಲ್ ಹೀಗೆ:

```
ಕನ್ಸೈನ್‌ಮೆಂಟ್ ಸ್ಟಾಕ್ ಖಾತೆ      ಡೆಬಿಟ್   46,500
   ಕನ್ಸೈನ್‌ಮೆಂಟ್ ಖಾತೆಗೆ         ಕ್ರೆಡಿಟ್  46,500
```

ಆಗ ಲಾಭ 36,000. ತಾಳೆ ನೋಡಿ: ಒಂದು ಸೀರೆಗೆ ಬಿದ್ದದ್ದು 1,550, ಬಂದದ್ದು 2,200. 70 ಸೀರೆಗೆ 45,500. ಅದರಲ್ಲಿ ಬಾಡಿಗೆ, ಕಮಿಷನ್ ಕಳೆದರೆ ಅದೇ 36,000. ಏಪ್ರಿಲ್ 1ಕ್ಕೆ ಈ 46,500 ಮತ್ತೆ ಕನ್ಸೈನ್‌ಮೆಂಟ್ ಖಾತೆಯ ಡೆಬಿಟ್‌ಗೆ ಬರಬೇಕು. ಇನ್ನೊಂದು, ನಿಮ್ಮ ಅಂಗಡಿಯ ಸ್ಟಾಕ್ ಪಟ್ಟಿಯಲ್ಲಿ ಈ 30 ಸೀರೆ ಬರೆದಿದ್ದರೆ ತೆಗೆಯಿರಿ. ಇಲ್ಲವಾದರೆ ಒಂದೇ ಮಾಲು ಎರಡು ಸಲ ಸೇರುತ್ತದೆ.

ತಿಕೋಟಾ ದ್ರಾಕ್ಷಿ:
ನಮ್ಮದೂ ಇದೇ ಪ್ರಶ್ನೆ. ಒಣದ್ರಾಕ್ಷಿ 1,000 ಕೆ.ಜಿ. ತಾಸಗಾವ್‌ಗೆ ಕಳಿಸಿದೆವು, ಅಲ್ಲಿ ತೂಗಿದಾಗ 980 ಆಯಿತು. ಆ 20 ಕೆ.ಜಿ. ನಷ್ಟ ಅಂತ ಬೇರೆ ಬರೆಯಬೇಕಾ? ಕೋಲ್ಡ್ ಸ್ಟೋರೇಜ್ ಬಾಡಿಗೆಯನ್ನೂ ಸ್ಟಾಕ್‌ಗೆ ಸೇರಿಸಬೇಕು ಅಂತ ನನ್ನ ಅನಿಸಿಕೆ. ಅಲ್ಲಿ ಇಡದಿದ್ದರೆ ಹಣ್ಣು ಕಪ್ಪಾಗುತ್ತದೆ, ಯಾರೂ ಮುಟ್ಟೋದಿಲ್ಲ.

ಬಾಗಲಕೋಟೆ ಲೆಕ್ಕದವರು:
ಒಣಗಿ ಇಳಿದ ತೂಕಕ್ಕೆ ಬೇರೆ ಎಂಟ್ರಿ ಬೇಡ. ಕಳಿಸಿದ 1,000 ಕೆ.ಜಿ.ಯ ಅಸಲು, ಸಾಗಾಟ ಎಲ್ಲವನ್ನೂ 980ರಿಂದ ಭಾಗಿಸಿ, ಕೆ.ಜಿ. ಬೆಲೆ ತುಸು ಏರುತ್ತದೆ. ಮಳೆಗೆ ಚೀಲ ನೆನೆದು ಹೋದರೆ, ಕಳುವಾದರೆ ಮಾತು ಬೇರೆ. ಆಗ ಆ ಮಾಲಿನ ಬೆಲೆಯನ್ನು ಕನ್ಸೈನ್‌ಮೆಂಟ್ ಖಾತೆಗೆ ಕ್ರೆಡಿಟ್ ಮಾಡಿ, ವಿಮೆಯಿಂದ ಬರುವುದನ್ನು ಕಳೆದು ಉಳಿದದ್ದನ್ನು ಲಾಭ-ನಷ್ಟ ಖಾತೆಗೆ ಒಯ್ಯಬೇಕು. ಸ್ಟೋರೇಜ್ ಬಾಡಿಗೆಯನ್ನು ನಾನಂತೂ ಸ್ಟಾಕ್‌ಗೆ ಸೇರಿಸುವುದಿಲ್ಲ. ತಯಾರಾದ ಮಾಲನ್ನು ಕಾಯ್ದಿಡುವ ಖರ್ಚು ಅದು.

ತಿಕೋಟಾ ದ್ರಾಕ್ಷಿ:
ತೂಕದ್ದು ಒಪ್ಪಿದೆ ಸರ್. ಬಾಡಿಗೆಯದು ಮನಸ್ಸಿಗೆ ಬರುತ್ತಿಲ್ಲ. ನಮ್ಮ ಆಡಿಟರ್ ಹತ್ತಿರ ಕೇಳುತ್ತೇನೆ.

ಇಳಕಲ್ ಸೀರೆ ಅಂಗಡಿ:
36,000 ಸರಿಯಾಗಿ ಬಂತು, ತುಂಬಾ ಉಪಕಾರ ಆಯಿತು. ಆದರೆ ಡೀಲರ್‌ಗೆ ಫೋನ್ ಮಾಡಿದಾಗ ಹೊಸ ವಿಷಯ ಗೊತ್ತಾಯಿತು. ಉಳಿದ 30ರಲ್ಲಿ 8 ಸೀರೆಯ ಮಡಿಕೆ ಗೆರೆಯಲ್ಲಿ ಬಣ್ಣ ಮಾಸಿದೆಯಂತೆ. 1,300ಕ್ಕಿಂತ ಜಾಸ್ತಿ ಬರಲ್ಲ ಅಂತಾರೆ.

ಬಾಗಲಕೋಟೆ ಲೆಕ್ಕದವರು:
ಹಾಗಿದ್ದರೆ ಆ 8 ಸೀರೆಯನ್ನು 1,550ಕ್ಕೆ ಹಿಡಿಯುವಂತಿಲ್ಲ. 1,300ರಲ್ಲಿ ಶೇ 5 ಕಮಿಷನ್ 65 ಹೋಗಿ ಕೈಗೆ 1,235. ಸೀರೆಗೆ 315 ಇಳಿಸಿ, 8ಕ್ಕೆ 2,520. ಸ್ಟಾಕ್ 43,980, ಲಾಭ 33,480. ಒಳ್ಳೆಯ 22 ಸೀರೆಯ ಲಾಭ ಮುಂದೆ ಬರುತ್ತದೆ ಅಂತ ಈ ನಷ್ಟವನ್ನು ಅದರಲ್ಲಿ ಮುಚ್ಚಬೇಡಿ. ಮಾಸಿದ ಸೀರೆಯ ಫೋಟೊ, ಬೆಲೆಯ ಬಗ್ಗೆ ಡೀಲರ್ ಬರೆದುಕೊಟ್ಟ ಪತ್ರ ಎರಡೂ ತರಿಸಿಕೊಂಡು ಫೈಲ್‌ನಲ್ಲಿ ಇಡಿ.

ಬೆಳಗಾವಿ ಕಿರಾಣಿ:
ಮಾಸಿದ್ದು ಡೀಲರ್ ಗೋದಾಮಿನ ಬಿಸಿಲಿಗಾದರೆ ಆ ನಷ್ಟ ನಿಮ್ಮ ಮೇಲೆ ಯಾಕೆ? ಕಳಿಸುವಾಗ ಮಾಡಿಕೊಂಡ ಕರಾರಿನಲ್ಲಿ ಏನಿದೆ, ಮೊದಲು ಓದಿ ಅಕ್ಕಾರ.

ಇಳಕಲ್ ಸೀರೆ ಅಂಗಡಿ:
ಕರಾರಿನಲ್ಲಿ ಕಮಿಷನ್ ಬಿಟ್ಟು ಬೇರೇನೂ ಬರೆದಿಲ್ಲ. ಸದ್ಯಕ್ಕೆ 43,980 ಹಾಕುತ್ತೇನೆ. ಸೀರೆ ಹೇಗೆ ಮಾಸಿತು ಅಂತ ಬೆಳಗಾವಿಗೆ ಹೋಗಿಯೇ ನೋಡಬೇಕು.