616: ‘ಪಾಠಾಂತರ’ ಅನ್ನಬೇಕೇ, ‘ತಪ್ಪು’ ಅನ್ನಬಹುದೇ?

ಕರಾವಳಿಯ ಅನುವಾದಕಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟು. ಬೈಬಲ್ ಓದುವವರಿಗಾಗಿ ಒಂದು ಚಿಕ್ಕ ಕೈಪಿಡಿ ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಪ್ರೆಸ್ಸಿಗೆ ಹೋಗಬೇಕು. ಕೊನೆಯ ಪುಸ್ತಕ ‘ಪ್ರಕಟನೆ’, 13ನೇ ಅಧ್ಯಾಯದ 18ನೇ ವಚನದಲ್ಲಿ ಮೃಗದ ಸಂಖ್ಯೆ 666 ಎಂದಿದೆ, ಅದು ಎಲ್ಲರಿಗೂ ಗೊತ್ತು. ಅದಕ್ಕೆ ಒಂದು ಅಡಿಟಿಪ್ಪಣಿ ಇದೆ: ಹಳೆಯ ಕೆಲವು ಪ್ರತಿಗಳಲ್ಲಿ 616 ಎಂದಿದೆ ಅಂತ. ನಾನು ‘616 ಎಂಬ ಪಾಠಾಂತರವಿದೆ’ ಎಂದು ಬರೆದೆ. ಕರಡು ನೋಡಿದ ಹಿರಿಯರು ಅದನ್ನು ಹೊಡೆದು ‘ತಪ್ಪಾಗಿ 616 ಎಂದಿದೆ’ ಎಂದು ತಿದ್ದಿದ್ದಾರೆ. ‘ಪಾಠಾಂತರ ಅಂದ್ರೆ ಜನಕ್ಕೆ ಅರ್ಥವಾಗಲ್ಲ, ಹೇಗೂ ಅದು ತಪ್ಪೇ ತಾನೇ’ ಅನ್ನುವುದು ಅವರ ವಾದ. ಯಾವುದು ಸರಿ? ಟಿಪ್ಪಣಿಗೆ ಒಂದೇ ಸಾಲು ಜಾಗ ಇದೆ.

ಹಳೆಗನ್ನಡಿಗ:

‘ಪಾಠಾಂತರ’ ಯಾಕೆ ಬೇಕು? ‘ಬೇರೋದು’ ಅನ್ನಿ. ಬೇರೆ ಓದು, ಬೇರೋದು. ಎರಡೂ ನಮ್ಮವೇ. ‘ಮೃಗ’ವೂ ಬೇಡ. ನಮ್ಮಲ್ಲಿ ‘ಮಿಗ’ ಇತ್ತು. ಸಂಸ್ಕೃತದ ಊರುಗೋಲು ಇಲ್ಲದೆ ಒಂದು ಸಾಲೂ ನಡೆಯದಂತೆ ಮಾಡಿಟ್ಟಿದ್ದೀರಿ.

ಓಲೆಗರಿ:

ಇದು ಬರೆಯುವವನ ಕೈತಪ್ಪು, ಅಷ್ಟೇ. ನಮ್ಮ ಮನೆಯ ಅಟ್ಟದ ಮೇಲೆ ಅಜ್ಜ ಬಿಟ್ಟುಹೋದ ಓಲೆಗರಿಯ ಕಟ್ಟು ಇದೆ. ಅದರಲ್ಲಿ ಪ ಯಾವುದು, ವ ಯಾವುದು ಅಂತ ಬಿಡಿಸುವಷ್ಟರಲ್ಲಿ ಕಣ್ಣು ಹೋಗುತ್ತದೆ. ಒಂದು ಗೆರೆ ಅಳಿಸಿದರೆ ಪದವೇ ಬೇರೆ. ಗ್ರೀಕಿನಲ್ಲೂ ಹಾಗೇ ಆಗಿರುತ್ತದೆ. ನಿಮ್ಮ ಹಿರಿಯರು ಹೇಳಿದ್ದು ಸರಿ. ‘ತಪ್ಪಾಗಿ’ ಅಂತಲೇ ಹಾಕಿ.

ಹಸ್ತಪ್ರತಿ ಮೇಷ್ಟ್ರು:

‘ತಪ್ಪಾಗಿ’ ಹಾಕಬೇಡಿ. ‘ಪಾಠಾಂತರ’ ಅಂದರೆ ಪ್ರತಿಯಲ್ಲಿ ಏನಿದೆ ಅಂತ ಹೇಳಿದಂತೆ. ‘ತಪ್ಪು’ ಅಂದರೆ ಅದು ಯಾಕೆ ಹಾಗಿದೆ ಅಂತ ತೀರ್ಪು ಕೊಟ್ಟಂತೆ. ಆ ತೀರ್ಪು ಇನ್ನೂ ಬಂದಿಲ್ಲ.

ಓಲೆಗರಿಯವರ ಮಾತಿಗೆ ಬಹಳ ಹಳೆಯ ಬೆಂಬಲ ಇದೆ, ಅದನ್ನು ಮೊದಲು ಹೇಳಿಬಿಡುತ್ತೇನೆ. ಲಿಯೋನ್ ಊರಿನ ಬಿಷಪ್ ಐರೇನಿಯಸ್ ಸುಮಾರು ಕ್ರಿ.ಶ. 180ರಲ್ಲೇ ಈ ಜಗಳದ ಬಗ್ಗೆ ಬರೆದಿದ್ದಾನೆ. ಅಂದರೆ ಅವನ ಕಾಲಕ್ಕೇ ಎರಡೂ ಸಂಖ್ಯೆಗಳು ಓಡಾಡುತ್ತಿದ್ದವು. ಒಳ್ಳೆಯ, ಹಳೆಯ ಪ್ರತಿಗಳಲ್ಲೆಲ್ಲ 666 ಇದೆ, ಪುಸ್ತಕ ಬರೆದ ಯೋಹಾನನನ್ನು ಕಣ್ಣಾರೆ ಕಂಡವರೂ ಹಾಗೇ ಹೇಳಿದರು, 616 ನಕಲು ಮಾಡುವವರಿಂದ ಬಂದದ್ದು ಎನ್ನುತ್ತಾನೆ. ಕಾರಣವನ್ನೂ ಕೊಡುತ್ತಾನೆ. ಗ್ರೀಕರು ಅಕ್ಷರಗಳನ್ನೇ ಅಂಕಿಯಾಗಿ ಬರೆಯುತ್ತಿದ್ದರು. ಖೀ ಅಂದರೆ 600, ಕ್ಸೀ ಅಂದರೆ 60, ಕೊನೆಯ ಸ್ಟಿಗ್ಮಾ 6. ನಡುವಿನ ಕ್ಸೀ ಬಿಡಿಸಿಕೊಂಡು ಇಯೋಟಾ ಆಗಿಬಿಟ್ಟಿತು, ಇಯೋಟಾ ಅಂದರೆ 10, ಹಾಗಾಗಿ 616 ಆಯಿತು ಅನ್ನುತ್ತಾನೆ.

ಆದರೆ ಇಲ್ಲೇ ಎಡವುತ್ತೇವೆ. ಪ ಮತ್ತು ವ ಅಣ್ಣತಮ್ಮಂದಿರಂತೆ ಇವೆ, ಒಪ್ಪಿದೆ. ಕ್ಸೀ ಮತ್ತು ಇಯೋಟಾ ಹಾಗಿಲ್ಲ. ಕ್ಸೀ ಅಂಕುಡೊಂಕಾಗಿ ಅಡ್ಡಡ್ಡ ಹೋಗುವ ಅಕ್ಷರ. ಇಯೋಟಾ ನೆಟ್ಟಗೆ ನಿಂತ ಒಂದೇ ಕಡ್ಡಿ. ನಿದ್ದೆಗಣ್ಣಲ್ಲಿ ಬರೆದರೂ ಒಂದಕ್ಕೆ ಇನ್ನೊಂದು ಬರುವುದು ಕಷ್ಟ. ಆಗಲೇ ಇಲ್ಲ ಅಂತ ನಾನು ಹೇಳುವುದಿಲ್ಲ. ಸುಲಭದ ವಿವರಣೆ ಅಲ್ಲ ಅಂತ ಮಾತ್ರ ಹೇಳುತ್ತೇನೆ.

ಬೆಂಗಳೂರು ಹುಡುಗ:

ಸರ್, 616 ಇರುವ ಪ್ರತಿಯೇ ಎಲ್ಲಕ್ಕಿಂತ ಹಳೆಯದು ಅಲ್ವಾ? ಈಜಿಪ್ಟಿನ ಆಕ್ಸಿರಿಂಕಸ್‌ನ ಕಸದ ಗುಡ್ಡೆಯಲ್ಲಿ ಸಿಕ್ಕ ಪಪೈರಸ್. ಹಾಗಿದ್ರೆ 616 ಮೂಲ, 666 ತಪ್ಪು. ಮೂರು ಆರು ಸಾಲಾಗಿ ಬಂದರೆ ಕೇಳೋಕೆ ಚೆನ್ನಾಗಿರುತ್ತೆ ಅಂತ ಯಾರೋ ಬದಲಾಯಿಸಿದ್ದಾರೆ. ಟಿಪ್ಪಣಿಯನ್ನೇ ತಿರುಗಿಸಿ ಬರೆಯಬೇಕು!

ಹಸ್ತಪ್ರತಿ ಮೇಷ್ಟ್ರು:

ಅರ್ಧ ಸರಿ. ಆ ಪಪೈರಸ್ ನಿಜ. 1999ರಲ್ಲಿ ಅಚ್ಚಾಯಿತು, ಪಂಡಿತರು ಅದನ್ನು ಪಪೈರಸ್ 115 ಎಂದು ಕರೆಯುತ್ತಾರೆ. ಚೂರುಚೂರಾಗಿದೆ, ಆದರೆ ನಮಗೆ ಬೇಕಾದ ಚೂರು ಉಳಿದಿದೆ, ಅದರಲ್ಲಿ ಖೀ, ಇಯೋಟಾ, ಸ್ಟಿಗ್ಮಾ ಓದಬಹುದು. ಕಾಲ 3 ಅಥವಾ 4ನೇ ಶತಮಾನ. ಆದರೆ 666 ಇರುವ ಪಪೈರಸ್ 47 ಕೂಡ 3ನೇ ಶತಮಾನದ್ದು. ಅದು ಡಬ್ಲಿನ್‌ನಲ್ಲಿದೆ. ಹಾಗಾಗಿ ವಯಸ್ಸು ನೋಡಿ ಗೆಲುವು ಕೊಡುವ ಹಾಗಿಲ್ಲ. ಅವೆರಡಕ್ಕಿಂತ ಹಳೆಯ ಸಾಕ್ಷಿ ಐರೇನಿಯಸ್ಸೇ. ಅವನು ಎರಡನ್ನೂ ನೋಡಿ 666 ಹಳೆಯದು ಅಂದಿದ್ದಾನೆ.

616 ಇರುವ ಇನ್ನೊಂದು ಮುಖ್ಯ ಪ್ರತಿ ಪ್ಯಾರಿಸ್ಸಿನಲ್ಲಿದೆ. 5ನೇ ಶತಮಾನದ ಚರ್ಮದ ಹಾಳೆಗಳು. 12ನೇ ಶತಮಾನದಲ್ಲಿ ಯಾರೋ ಹಳೆಯ ಬರಹವನ್ನು ಉಜ್ಜಿ ತೆಗೆದು ಮೇಲೆ ಎಫ್ರೇಮ್ ಎಂಬ ಸಂತನ ಬರಹಗಳನ್ನು ಬರೆದರು. 1840ರ ದಶಕದಲ್ಲಿ ಟಿಶೆಂಡಾರ್ಫ್ ಎಂಬ ಜರ್ಮನ್ ಪಂಡಿತ ಕೆಳಗಿನದನ್ನು ಓದಿ ಅಚ್ಚು ಹಾಕಿಸಿದ. ಅದರಲ್ಲಿ ಸಂಖ್ಯೆ ಅಕ್ಷರದ ಅಂಕಿಯಲ್ಲಿ ಇಲ್ಲ. ‘ಆರುನೂರ ಹದಿನಾರು’ ಎಂದು ಪದಗಳಲ್ಲೇ ಇದೆ. ಹಾಗೆ ಬಿಡಿಸಿ ಬರೆದವನ ಮುಂದೆ ಅಂಕಿಯ ಪ್ರತಿ ಇತ್ತೋ ಏನೋ, ಆದರೆ ಅವನೇ ಅಂಕಿಯನ್ನು ನೋಡಿ ಎಡವಿದ ಅಂತ ಹೇಳುವಂತಿಲ್ಲ.

ಮೇಳಕರ್ತ:

ಅಕ್ಷರಕ್ಕೆ ಅಂಕಿ ಅಂದ್ರೆ ನಮ್ಮ ಕಟಪಯಾದಿ ಅಲ್ವಾ! ಮೇಚಕಲ್ಯಾಣಿ ರಾಗ: ಮ 5, ಚ 6, ತಿರುಗಿಸಿದರೆ 65, ಅದೇ ಅದರ ಮೇಳದ ಸಂಖ್ಯೆ. ಈ ಮೃಗ ರೋಮಿನ ನೀರೋ ದೊರೆ ಅಂತ ಎಲ್ಲೋ ಓದಿದ್ದೆ. ಲೆಕ್ಕ ಹಾಕಿದೆ: ನ 0, ರ 2, ತಿರುಗಿಸಿದರೆ 20. ಅದು ನಠಭೈರವಿ! 666 ಎಲ್ಲಿಂದ ಬಂತು?

ಹಸ್ತಪ್ರತಿ ಮೇಷ್ಟ್ರು:

ನೀರೋ ಹಾಡುಗಾರನಾಗಬೇಕು ಅಂತ ಆಸೆಪಟ್ಟವನೇ, ನಠಭೈರವಿ ಸಿಕ್ಕಿದ್ದರೆ ಖುಷಿಪಡುತ್ತಿದ್ದ. ಆದರೆ ಲೆಕ್ಕ ಬೇರೆ. ಕಟಪಯಾದಿಯಲ್ಲಿ ಸ್ಥಾನ ನೋಡಿ ಅಂಕಿ ಜೋಡಿಸುತ್ತೇವೆ. ಗ್ರೀಕ್, ಹೀಬ್ರೂನಲ್ಲಿ ಹೆಸರಿನ ಎಲ್ಲ ಅಕ್ಷರಗಳ ಬೆಲೆಯನ್ನು ಸುಮ್ನೆ ಕೂಡುತ್ತಾರೆ. ಗ್ರೀಕಿನಲ್ಲಿ ‘ನೆರೋನ್’ ಕೂಡಿದರೆ 1005, ಅದು ಹೊಂದುವುದಿಲ್ಲ. ಹೀಬ್ರೂನಲ್ಲಿ ‘ನೆರೋನ್ ಕೈಸರ್’, ಅಂದರೆ ನೀರೋ ಚಕ್ರವರ್ತಿ, ಎಂದು ಬರೆದು ನೋಡಿ. ನೂನ್ 50, ರೇಶ್ 200, ವಾವ್ 6, ನೂನ್ 50. ಇದು 306. ಆಮೇಲೆ ಕೋಫ್ 100, ಸಾಮೆಖ್ 60, ರೇಶ್ 200. ಇದು 360. ಒಟ್ಟು 666.

ಈಗ ಇದನ್ನು ಗಮನಿಸಿ. ಗ್ರೀಕರು ‘ನೆರೋನ್’ ಅನ್ನುತ್ತಿದ್ದರು. ಲ್ಯಾಟಿನ್ ಬಾಯಲ್ಲಿ ಅದು ಬರೀ ‘ನೀರೋ’. ಕೊನೆಯ ನೂನ್ ಬಿಟ್ಟರೆ 50 ಹೋಯಿತು. 666 ಹೋಗಿ 616 ಉಳಿಯಿತು.

ಅಂದರೆ 616 ಬರೆದವನು ಕಣ್ಣುತಪ್ಪಿ ಬರೆಯದೆ, ಒಗಟು ಬಿಡಿಸಿಯೇ ಬರೆದಿರಬಹುದು. ಹೆಸರು ಗೊತ್ತಿದೆ, ತನ್ನ ಉಚ್ಚಾರಣೆಗೆ ಲೆಕ್ಕ ಹೊಂದುತ್ತಿಲ್ಲ, ಸರಿ ಮಾಡಿದ. ಅಂಥವನಿಗೆ ‘ತಪ್ಪಾಗಿ’ ಅಂತ ಹಣೆಪಟ್ಟಿ ಹೇಗೆ ಹಚ್ಚುತ್ತೀರಿ?

ಓಲೆಗರಿ:

ಬೇಕಾದ ಅಕ್ಷರ ಸೇರಿಸಿ, ಬೇಡದ್ದು ಬಿಟ್ಟು ಲೆಕ್ಕ ಕೂಡಿಸಿದರೆ ನಮ್ಮ ಪಕ್ಕದ ಮನೆಯವರ ಹೆಸರೂ 666 ಆಗುತ್ತದೆ. ‘ಕೈಸರ್’ ಅನ್ನುವುದಕ್ಕೆ ಹೀಬ್ರೂನಲ್ಲಿ ನಡುವೆ ಯೋದ್ ಬರುತ್ತದೆ, ಅದು 10. ಆಗ 676. ಅದನ್ನು ಯಾಕೆ ಬಿಟ್ಟಿರಿ?

ಹಸ್ತಪ್ರತಿ ಮೇಷ್ಟ್ರು:

ಸರಿಯಾದ ಪ್ರಶ್ನೆ. ಮೊದಲಿನಿಂದಲೂ ಇದೇ ಆಕ್ಷೇಪ ಇತ್ತು. ಆಮೇಲೆ ಮೃತ ಸಮುದ್ರದ ಹತ್ತಿರದ ವಾದಿ ಮುರಬ್ಬಾತ್‌ನಲ್ಲಿ ಒಂದು ಅರಾಮಿಕ್ ಸಾಲಪತ್ರ ಸಿಕ್ಕಿತು. ನೀರೋ ಆಳ್ವಿಕೆಯ ಎರಡನೇ ವರ್ಷದ್ದು. ಅದರಲ್ಲಿ ದೊರೆಯ ಹೆಸರು ಯೋದ್ ಇಲ್ಲದೆ, ಕೊನೆಗೆ ನೂನ್ ಇಟ್ಟೇ ಇದೆ. ಸಾಲ ಕೊಟ್ಟವನಿಗೂ ತಗೊಂಡವನಿಗೂ ಮೃಗದ ಚಿಂತೆ ಇರಲಿಲ್ಲ. ತಾರೀಖು ಹಾಕಲು ಬರೆದರು ಅಷ್ಟೇ. ಹಾಗಾಗಿ ಆ ಕಾಗುಣಿತ ಲೆಕ್ಕಕ್ಕಾಗಿ ಹುಟ್ಟಿಸಿದ್ದಲ್ಲ.

ಆದರೂ ನಿಮ್ಮ ಅನುಮಾನ ಪೂರ್ತಿ ಹೋಗುವುದಿಲ್ಲ. ಗ್ರೀಕ್ ಓದುವವರಿಗೆ ಬರೆದ ಪುಸ್ತಕದಲ್ಲಿ ಹೀಬ್ರೂ ಲೆಕ್ಕ ಯಾಕೆ? ಅದೇ ಪುಸ್ತಕ ಬೇರೆ ಕಡೆ ‘ಹೀಬ್ರೂನಲ್ಲಿ ಇದರ ಹೆಸರು ಇದು’ ಎಂದು ಅಬದ್ದೋನ್, ಹರ್ಮಗೆದೋನ್ ಕೊಡುತ್ತದೆ ಅನ್ನುವುದು ಒಂದು ಉತ್ತರ. ಇನ್ನೊಂದು ಕಡೆ, ಐರೇನಿಯಸ್ ತಾನೇ 666ಕ್ಕೆ ಹೊಂದುವ ಮೂರು ಹೆಸರು ಕೊಡುತ್ತಾನೆ, ಎವಾಂಥಾಸ್, ಲಾತೈನೋಸ್, ತೈತಾನ್. ನೀರೋ ಸುಳಿವೇ ಇಲ್ಲ. ನೂರು ವರ್ಷದಲ್ಲಿ ಉತ್ತರವೇ ಮರೆತುಹೋಯಿತೋ, ಉತ್ತರ ಅದಾಗಿರಲೇ ಇಲ್ಲವೋ. ಇದರಲ್ಲಿ ನಾನು ಕೈ ಇಡುವುದಿಲ್ಲ.

ಬೆಂಗಳೂರು ಹುಡುಗ:

ಗ್ರೀಕಿನಲ್ಲಿ ‘ಗಾಯೊಸ್ ಕೈಸರ್’ ಕೂಡಿದೆ, 284 ಮತ್ತು 332, ಸರಿಯಾಗಿ 616! ಅದು ಕಲಿಗುಲ ದೊರೆ. ಹೀಬ್ರೂಗೆ ಹೋಗಲೇಬೇಕಿಲ್ಲ. ನಾನು ಹೇಳಿದ್ದೇ ನಿಜ, 616 ಮೊದಲು.

ಹಸ್ತಪ್ರತಿ ಮೇಷ್ಟ್ರು:

ಲೆಕ್ಕ ಸರಿ ಇದೆ. ಆದರೆ ಅದು 616 ಯಾಕೆ ಅಂತ ಹೇಳುತ್ತದೆ, 666 ಎಲ್ಲಿಂದ ಬಂತು ಅಂತ ಹೇಳುವುದಿಲ್ಲ. ನೂನ್ ಕಥೆಯ ಬಲ ಇರುವುದು ಎರಡನ್ನೂ ಒಂದೇ ಹೆಸರಿಂದ ಹೊರಡಿಸುವುದರಲ್ಲಿ.

ಹಳೆಗನ್ನಡಿಗ:

ನೂನ್ ಬಿಟ್ಟರು, ಯೋದ್ ಬಿಟ್ಟರು. ಪದದ ಮಾತು ಎಲ್ಲಿ ಬಿಟ್ಟಿರಿ? ‘ಬೇರೋದು’ ಬಗ್ಗೆ ಯಾರೂ ಉತ್ತರ ಕೊಡಲಿಲ್ಲ.

ಹಸ್ತಪ್ರತಿ ಮೇಷ್ಟ್ರು:

ನೀವು ಇವತ್ತು ಕಟ್ಟಿದ ಪದ ಅದು. ನಾಳೆ ಪ್ರೆಸ್ಸಿಗೆ ಹೋಗುವ ಪುಸ್ತಕಕ್ಕೆ ಬೇಡ.

ಹಳೆಗನ್ನಡಿಗ:

ಎಲ್ಲ ಪದವನ್ನೂ ಯಾರೋ ಒಂದು ದಿನ ಕಟ್ಟಿದ್ದೇ. ‘ಪಪೈರಸ್’ ಒಪ್ಪುತ್ತೀರಿ, ‘ಬಿಷಪ್’ ಒಪ್ಪುತ್ತೀರಿ, ‘ಬೈಬಲ್’ ಒಪ್ಪುತ್ತೀರಿ. ಕನ್ನಡದ ಎರಡು ಪದ ಕೂಡಿದರೆ ಮಾತ್ರ ಗಂಟಲಲ್ಲಿ ಇಳಿಯುವುದಿಲ್ಲ.

ಮೇಳಕರ್ತ:

‘ಬೇರೋದು’ ನೋಡಿದ ಕೂಡಲೇ ‘ಬೇರು ಓದು’ ಅಂದುಕೊಂಡೆ. ಗಿಡಮೂಲಿಕೆ ಪುಸ್ತಕ ಇರಬೇಕು ಅಂತ.

ಕರಾವಳಿಯ ಅನುವಾದಕಿ:

ಎಲ್ಲರಿಗೂ ಥ್ಯಾಂಕ್ಸ್. ಹಿರಿಯರ ಹತ್ತಿರ ಫೋನಲ್ಲಿ ಮಾತಾಡಿದೆ. ನೂನ್ ಲೆಕ್ಕ ಕಾಗದದ ಮೇಲೆ ಹಾಕಿಸಿದೆ. ಎರಡು ಸಲ ಕೂಡಿ ನೋಡಿ ಸುಮ್ಮನಾದರು. ‘ತಪ್ಪಾಗಿ’ ತೆಗೆಯಲು ಒಪ್ಪಿದರು, ‘ಪಾಠಾಂತರ’ಕ್ಕೆ ಮಾತ್ರ ಒಪ್ಪಲಿಲ್ಲ. ಕೊನೆಗೆ ಹೀಗಾಯಿತು: ‘ಹಳೆಯ ಕೆಲವು ಪ್ರತಿಗಳಲ್ಲಿ ಆರುನೂರ ಹದಿನಾರು ಎಂದಿದೆ.’ ಅಂಕಿ ಬೇಡ, ಪದದಲ್ಲೇ ಇರಲಿ ಅಂದೆ. ಅಚ್ಚಿನಲ್ಲಿ ಒಂದು ಅಂಕಿ ಆಚೀಚೆ ಆದರೆ ಇನ್ನೊಂದು ಪಾಠಾಂತರ ಹುಟ್ಟುತ್ತದೆ.

ಹಳೆಗನ್ನಡಿಗ:

ಇನ್ನೊಂದು ಬೇರೋದು.