80 ಲಕ್ಷದ ಡಾಂಬರೋ, 1.20 ಕೋಟಿಯ ಕಾಂಕ್ರೀಟೋ: ಹೆಚ್ಚಿಗೆ ಕೊಟ್ಟ ಹಣ ಯಾವಾಗ ಮರಳುತ್ತದೆ?

ಪ್ರಶ್ನೆ (ಪುರಸಭಾ ಸದಸ್ಯರು): ನಮ್ಮ ವಾರ್ಡಿನ ಮುಖ್ಯರಸ್ತೆ 1 ಕಿ.ಮೀ. ಉದ್ದ, 5.5 ಮೀಟರ್ ಅಗಲವಿದೆ. ಬುಡದಿಂದ ಹೊಸದಾಗಿ ಮಾಡಲು ಡಾಂಬರಿಗೆ 80 ಲಕ್ಷ, ಕಾಂಕ್ರೀಟಿಗೆ 1.20 ಕೋಟಿ ಅಂದಾಜು ಬಂದಿದೆ. ಜಲ್ಲಿ ಕ್ರಷರಿನ ಟಿಪ್ಪರ್‌ಗಳು ಓಡಾಡುತ್ತವೆ, ತಗ್ಗಿನ ಕಡೆ ಮಳೆಗಾಲದಲ್ಲಿ ನೀರು ನಿಲ್ಲುತ್ತದೆ. ಹೆಚ್ಚುವರಿ 40 ಲಕ್ಷ ಎಷ್ಟು ವರ್ಷಕ್ಕೆ ಹುಟ್ಟುತ್ತದೆ ಎಂದು ತಿಳಿದವರು ದಯವಿಟ್ಟು ಹೇಳಿ.

ನಿವೃತ್ತ ಲೋಕೋಪಯೋಗಿ ಇಂಜಿನಿಯರ್: ಈ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಅಂಕಿ ಅಂದಾಜುಪಟ್ಟಿಯಲ್ಲಿ ಇರುವುದೇ ಇಲ್ಲ. ನಿಮ್ಮ ಊರಿನಲ್ಲಿ ಡಾಂಬರಿನ ಮೇಲ್ಪದರವನ್ನು ಎಷ್ಟು ವರ್ಷಕ್ಕೊಮ್ಮೆ ಮತ್ತೆ ಹಾಕಬೇಕಾಗುತ್ತದೆ ಎಂಬುದೇ ಆ ಅಂಕಿ. ನಿಮ್ಮ ರಸ್ತೆಗೆ 40 ಮಿ.ಮೀ. ಹೊಸ ಪದರ ಹಾಕಲು ಸುಮಾರು 22 ಲಕ್ಷ ಬೇಕೆಂದು ಇಟ್ಟುಕೊಳ್ಳೋಣ. ಮುಂದೆಂದೋ ಖರ್ಚಾಗುವ ಹಣವನ್ನು ಇಂದಿನ ಬೆಲೆಗೆ ತರಲು, ಬೆಲೆಯೇರಿಕೆಯನ್ನು ಕಳೆದು ವರ್ಷಕ್ಕೆ ಶೇಕಡಾ 6ರಂತೆ ಬಡ್ಡಿ ಹಿಡಿಯೋಣ. ಡಾಂಬರಿನ ಗುಂಡಿ ಮುಚ್ಚುವ ಖರ್ಚು ಮತ್ತು ಕಾಂಕ್ರೀಟಿನ ಜಾಯಿಂಟುಗಳಿಗೆ ಮತ್ತೆ ಸೀಲಂಟ್ ತುಂಬುವ ಖರ್ಚು ಸಮವೆಂದು ಸದ್ಯಕ್ಕೆ ಎರಡನ್ನೂ ಬದಿಗಿಡುತ್ತೇನೆ.

ಐದು ವರ್ಷಕ್ಕೊಮ್ಮೆ ಪದರ ಬೇಕಾದರೆ, ಮೊದಲನೆಯದು ಇಂದಿನ ಬೆಲೆಯಲ್ಲಿ 16.4 ಲಕ್ಷ, ಎರಡನೆಯದು 12.3, ಮೂರನೆಯದು 9.2, ನಾಲ್ಕನೆಯದು 6.9 ಲಕ್ಷವಾಗುತ್ತದೆ. ಮೂರನೆಯದರವರೆಗೆ ಕೂಡಿದರೆ 38 ಲಕ್ಷ, ನಾಲ್ಕನೆಯದು ಸೇರಿದಾಗ 45 ಲಕ್ಷ. ಅಂದರೆ ನಿಮ್ಮ 40 ಲಕ್ಷ ಮರಳುವುದು 20ನೇ ವರ್ಷಕ್ಕೆ. ಮೂರೇ ವರ್ಷಕ್ಕೆ ಪದರ ಕಿತ್ತುಹೋಗುವ ರಸ್ತೆಯಾದರೆ 9ನೇ ವರ್ಷಕ್ಕೇ ಕೂಡಿದ ಮೊತ್ತ 47 ಲಕ್ಷ ಮುಟ್ಟುತ್ತದೆ. ಚರಂಡಿ ಚೆನ್ನಾಗಿದ್ದು, ಭಾರದ ವಾಹನಗಳಿಲ್ಲದೆ, ಎಂಟು ವರ್ಷಕ್ಕೊಮ್ಮೆ ಪದರ ಹಾಕಿದರೆ ಸಾಕೆನ್ನುವ ರಸ್ತೆಯಲ್ಲಿ 30 ವರ್ಷಕ್ಕೂ ಉಳಿತಾಯ 28 ಲಕ್ಷವನ್ನು ದಾಟುವುದಿಲ್ಲ. ಅಂಥಲ್ಲಿ ಕಾಂಕ್ರೀಟಿಗೆ ಹಾಕಿದ ಹೆಚ್ಚುವರಿ ಹಣ ಮರಳುವುದೇ ಇಲ್ಲ. ಬಡ್ಡಿ ಇನ್ನೊಂದು ಅಂಕುಶ. ಶೇಕಡಾ 12 ಹಿಡಿದರೆ ಐದು ವರ್ಷದ ಪದರದ ಲೆಕ್ಕವೂ 27 ಲಕ್ಷಕ್ಕೇ ನಿಂತುಬಿಡುತ್ತದೆ. ಆದ್ದರಿಂದ ಸಾಲ ತಂದು ಕಾಂಕ್ರೀಟ್ ಹಾಕುವವರು ಎರಡು ಸಲ ಯೋಚಿಸಬೇಕು.

ಗುಂಪಿನ ಇನ್ನೊಬ್ಬ ಸದಸ್ಯರು: ಇಷ್ಟೆಲ್ಲ ಲೆಕ್ಕ ಏಕೆ ಸರ್? ಕಾಂಕ್ರೀಟ್ ಒಮ್ಮೆ ಹಾಕಿದರೆ 30 ವರ್ಷ ತಿರುಗಿ ನೋಡಬೇಕಾಗಿಲ್ಲ. ಶಿರಾಡಿ ಘಾಟಿಯಲ್ಲಿ ಪ್ರತಿ ಮಳೆಗಾಲವೂ ಡಾಂಬರು ಕೊಚ್ಚಿಹೋಗುತ್ತಿತ್ತು. 2015 ಮತ್ತು 2018ರಲ್ಲಿ ಎರಡು ಹಂತದಲ್ಲಿ ಕಾಂಕ್ರೀಟ್ ಹಾಕಿದ ಮೇಲೆ ಆ ಕಷ್ಟ ತಪ್ಪಿತಲ್ಲವೇ?

ನಿವೃತ್ತ ಇಂಜಿನಿಯರ್: ಶಿರಾಡಿಗೆ ಕಾಂಕ್ರೀಟ್ ಸರಿಯಾದ ಆಯ್ಕೆ ಎಂಬುದರಲ್ಲಿ ನನಗೂ ಅನುಮಾನವಿಲ್ಲ. ವಿಪರೀತ ಮಳೆ, ಏರು ದಾರಿಯಲ್ಲಿ ನಿಧಾನವಾಗಿ ಸಾಗುವ ಮಂಗಳೂರು ಬಂದರಿನ ಲಾರಿಗಳು, ಈ ಎರಡೂ ಡಾಂಬರಿಗೆ ಶತ್ರುಗಳೇ. ಆದರೆ ಹೆದ್ದಾರಿಯಲ್ಲಿ ಹಾಕುವುದು ಸಿಮೆಂಟ್ ಕಡಿಮೆಯಿರುವ ಬಡ ಕಾಂಕ್ರೀಟಿನ ಗಟ್ಟಿ ಅಡಿಪದರ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಎಂ40 ದರ್ಜೆಯ ದಪ್ಪ ಚಪ್ಪಡಿ, ಜಾಯಿಂಟುಗಳಲ್ಲಿ ಒಂದು ಚಪ್ಪಡಿಯ ಭಾರವನ್ನು ಪಕ್ಕದ್ದಕ್ಕೆ ದಾಟಿಸುವ ಉಕ್ಕಿನ ಡೋವೆಲ್ ಸರಳು. ನಮ್ಮ ಬೀದಿಗಳಲ್ಲಿ ‘ಸಿಸಿ ರಸ್ತೆ’ಯೆಂದು ಹಾಕುವ 15 ಸೆಂ.ಮೀ. ಪದರಕ್ಕೆ ಆ 30 ವರ್ಷದ ಮಾತು ಅನ್ವಯಿಸುವುದಿಲ್ಲ.

ಕಾರಣ ಹೀಗಿದೆ. ಡಾಂಬರು ರಸ್ತೆ ಭಾರವನ್ನು ಪದರದಿಂದ ಪದರಕ್ಕೆ ಹಂಚುತ್ತಾ ಕೆಳಗಿಳಿಸುತ್ತದೆ, ಹಾದುಹೋದ ಪ್ರತಿ ಆಕ್ಸಲ್ ಒಂದಿಷ್ಟು ಆಯುಸ್ಸು ತಿನ್ನುತ್ತದೆ. ಆಕ್ಸಲ್ ಭಾರ ಎರಡರಷ್ಟಾದರೆ ಹಾನಿ ಸುಮಾರು ಹದಿನಾರರಷ್ಟಾಗುತ್ತದೆ. ಕಾಂಕ್ರೀಟ್ ಚಪ್ಪಡಿ ಬಾಗಿ ಭಾರ ಹೊರುತ್ತದೆ. ಹಾಗೆ ಬಾಗುವಾಗ ಹುಟ್ಟುವ ಒತ್ತಡ ಅದರ ಬಾಗುಬಲದ ಶೇಕಡಾ 45ರೊಳಗೆ ಇದ್ದರೆ ಎಷ್ಟು ಲಾರಿ ಹೋದರೂ ಚಪ್ಪಡಿ ದಣಿಯುವುದಿಲ್ಲವೆಂಬುದು ಕಾಂಕ್ರೀಟ್ ರಸ್ತೆಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಕೊಟ್ಟಿರುವ ಮಾರ್ಗಸೂಚಿ ಐಆರ್‌ಸಿ 58ರ ವಿನ್ಯಾಸದ ಆಧಾರ. ಆ ಮಿತಿ ಮೀರಿದಂತೆ ಆಯುಸ್ಸು ಥಟ್ಟನೆ ಇಳಿಯುತ್ತದೆ. ಒತ್ತಡವು ದಪ್ಪದ ವರ್ಗಕ್ಕೆ ಹೆಚ್ಚುಕಡಿಮೆ ವಿಲೋಮವಾಗಿರುವುದರಿಂದ 15ರ ಬದಲು 20 ಸೆಂ.ಮೀ. ಹಾಕಿದರೆ ಒತ್ತಡ ಸುಮಾರು ಶೇಕಡಾ 40ರಷ್ಟು ತಗ್ಗುತ್ತದೆ. ಕಾಂಕ್ರೀಟಿನಲ್ಲಿ ಐದು ಸೆಂಟಿಮೀಟರ್ ಉಳಿಸುವುದೆಂದರೆ ಇಡೀ ಹೂಡಿಕೆಯನ್ನೇ ಕಳೆದುಕೊಳ್ಳುವ ದಾರಿ. ಟಿಪ್ಪರ್ ಓಡುವಲ್ಲಿ ತೆಳು ಕಾಂಕ್ರೀಟಿಗಿಂತ ಒಳ್ಳೆಯ ಡಾಂಬರೇ ವಾಸಿ. ಅದನ್ನು ತೇಪೆ ಹಾಕಿಯಾದರೂ ಉಳಿಸಿಕೊಳ್ಳಬಹುದು.

ಕಾಫಿ ತೋಟದವರು: ನಮ್ಮ ತೋಟದ ದಾರಿಗೆ ಕಾಂಕ್ರೀಟ್ ಹಾಕಿಸಿದ್ದೆವು. ವರ್ಷದೊಳಗೆ ಅಡ್ಡಡ್ಡ ಬಿರುಕು ಬಿಟ್ಟಿದೆ, ಜೀಪು ಬಿಟ್ಟರೆ ಬೇರೆ ಭಾರವೇ ಇಲ್ಲ. ಸಿಮೆಂಟ್ ಕಡಿಮೆ ಹಾಕಿದ್ದಾರೆಯೇ?

ನಿವೃತ್ತ ಇಂಜಿನಿಯರ್: ಭಾರವೇ ಇಲ್ಲದೆ ಸಮದೂರದಲ್ಲಿ ಅಡ್ಡ ಬಿರುಕು ಬಂದಿದ್ದರೆ ಸಿಮೆಂಟಿಗಿಂತ ಮೊದಲು ಜಾಯಿಂಟನ್ನು ಅನುಮಾನಿಸಿ. ಕಾಂಕ್ರೀಟ್ ಒಣಗುತ್ತಾ ಕುಗ್ಗುತ್ತದೆ. ಸುಮಾರು ನಾಲ್ಕೂವರೆ ಮೀಟರಿಗೊಂದು ಗೀರನ್ನು ದಪ್ಪದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಆಳಕ್ಕೆ, ಹಾಕಿದ ದಿನವೇ ಅಥವಾ ಮರುದಿನದೊಳಗೆ ಕೊಯ್ಯದಿದ್ದರೆ ಅದು ತನಗೆ ಬೇಕಾದಲ್ಲಿ ತಾನೇ ಸೀಳಿಕೊಳ್ಳುತ್ತದೆ. ಬಿರುಕಿನ ಎರಡು ಅಂಚೂ ಒಂದೇ ಮಟ್ಟದಲ್ಲಿದ್ದರೆ ಸೀಲ್ ಮಾಡಿಸಿ ಬಳಸಿ. ಜೀಪು ಹೋದಾಗ ಬಿರುಕಿನಿಂದ ಕೆಸರುನೀರು ಚಿಮ್ಮಿದರೆ ಕೆಳಗಿನ ಮಣ್ಣು ಕೊಚ್ಚಿಹೋಗುತ್ತಿದೆಯೆಂದು ಅರ್ಥ, ಆಗ ಬರೀ ಸೀಲ್ ಮಾಡಿದರೆ ಸಾಲದು.

ಗುತ್ತಿಗೆದಾರರೊಬ್ಬರು: ಇಂಜಿನಿಯರ್ ಸಾಹೇಬರ ಲೆಕ್ಕ ಒಪ್ಪುತ್ತೇನೆ, ಆದರೆ ಅದರಲ್ಲಿ ಅಗೆತವಿಲ್ಲ. ಕಾಂಕ್ರೀಟ್ ಹಾಕಿ ಆರು ತಿಂಗಳಿಗೆ ನೀರಿನ ಪೈಪಿಗೆಂದು ನಡುವೆ ಕಾಲುವೆ ತೋಡಿದ ಬೀದಿಗಳು ನಮ್ಮ ತಾಲ್ಲೂಕಿನಲ್ಲಿ ಬೇಕಾದಷ್ಟಿವೆ. ತೋಡಿದ ಜಾಗಕ್ಕೆ ಎಷ್ಟೇ ತುಂಬಿದರೂ ಹಳೆಯ ಚಪ್ಪಡಿಯ ಬಲ ಬರುವುದಿಲ್ಲ. ಅಲ್ಲದೆ ಎರಡು ವಾರ ನೀರು ಉಣಿಸಿ, 28 ದಿನ ಭಾರದ ಗಾಡಿ ಬಿಡಬೇಡಿ ಎಂದರೆ ಅಂಗಡಿಯವರು ಒಪ್ಪುತ್ತಾರೆಯೇ?

ಪುರಸಭಾ ಸದಸ್ಯರು: ನಮ್ಮಲ್ಲಿ ಒಳಚರಂಡಿ ಕೊಳವೆ ಇನ್ನೂ ಹಾಕಿಲ್ಲ, ಮಂಜೂರಾತಿಯೂ ಬಂದಿಲ್ಲ. ಈಗಿನ ಡಾಂಬರು ಮೂರು ವರ್ಷಕ್ಕೇ ಕಿತ್ತುಬರುತ್ತಿರುವುದು ತಗ್ಗಿನ 300 ಮೀಟರಿನಲ್ಲಿ ಮಾತ್ರ. ಉಳಿದ ಭಾಗ ಆರೇಳು ವರ್ಷ ಬಾಳಿದೆ. ತಗ್ಗಿನ ಆ 300 ಮೀಟರಿಗಷ್ಟೇ ಕಾಂಕ್ರೀಟ್ ಹಾಕಬಹುದೇ?

ನಿವೃತ್ತ ಇಂಜಿನಿಯರ್: ಈ ವಿವರದಿಂದ ಉತ್ತರವೇ ಬದಲಾಯಿತು. ಒಂಬತ್ತು ವರ್ಷಕ್ಕೆ ಹಣ ಮರಳುವ ಲೆಕ್ಕ ಆ 300 ಮೀಟರಿಗೆ ಮಾತ್ರ ಹೊಂದುತ್ತದೆ. ಉಳಿದ 700 ಮೀಟರಿಗೆ ಡಾಂಬರೇ ಸಾಕು. ಆದರೆ ಮೊದಲು ತಗ್ಗಿನಲ್ಲಿ ಪಕ್ಕದ ಚರಂಡಿಯ ಇಳಿಜಾರು ಸರಿಮಾಡಿಸಿ. ನೀರು ಹರಿದುಹೋಗುವಂತಾದರೆ ಅಲ್ಲಿಯೂ ಡಾಂಬರು ಐದಾರು ವರ್ಷ ನಿಲ್ಲಬಹುದು, ಆಗ ಕಾಂಕ್ರೀಟಿನ ವಾದವೇ ಸಡಿಲವಾಗುತ್ತದೆ. ಚರಂಡಿಗೆ ಜಾಗವೇ ಇಲ್ಲದಿದ್ದರೆ ಕಾಂಕ್ರೀಟ್ ಹಾಕಿ. ರಸ್ತೆ ಅಡ್ಡ ದಾಟುವ ಕೊಳವೆಗಳಿಗೆ ಖಾಲಿ ಪೈಪುಗಳನ್ನು ಮೊದಲೇ ಹೂತಿಡಿ, ಡಾಂಬರಿಗೆ ಸೇರುವ ಎರಡೂ ತುದಿಯಲ್ಲಿ ಮೆಟ್ಟಿಲು ಏಳದಂತೆ ಚಪ್ಪಡಿಯ ಕೆಳಗಿನ ಪದರವನ್ನು ಡಾಂಬರಿನಡಿಗೂ ಒಂದಿಷ್ಟು ದೂರ ಮುಂದುವರಿಸಿ.

ಗುತ್ತಿಗೆದಾರರು: 300 ಮೀಟರಿಗೆಂದು ಯಾರೂ ಪೇವರ್ ಯಂತ್ರ ತರುವುದಿಲ್ಲ ಸರ್. ಕೈಯಲ್ಲೇ ಹಾಕಿದರೆ ಮೇಲ್ಮೈ ಏರುಪೇರಾಗುತ್ತದೆ, ಮೀಟರಿನ ದರವೂ ನಿಮ್ಮ ಅಂದಾಜಿಗಿಂತ ಮೇಲೆ ಹೋಗುತ್ತದೆ.

ನಿವೃತ್ತ ಇಂಜಿನಿಯರ್: ದರ ಏರುವುದು ನಿಜ. ಹಸಿ ಕಾಂಕ್ರೀಟನ್ನು ಮಟ್ಟ ಮಾಡುವ ಕಂಪಿಸುವ ಪಟ್ಟಿ, ಅಂದರೆ ಸ್ಕ್ರೀಡ್ ಇಟ್ಟುಕೊಂಡರೆ ಬೀದಿಯ ವೇಗಕ್ಕೆ ಸಾಕಾಗುವಷ್ಟು ಸಮತಟ್ಟು ಬರುತ್ತದೆಂಬುದು ನನ್ನ ಅಭಿಪ್ರಾಯ, ನೀವು ಒಪ್ಪದಿರಬಹುದು. ಸದಸ್ಯರು ಆ 300 ಮೀಟರಿಗೆ ಪ್ರತ್ಯೇಕ ದರಪಟ್ಟಿ ತರಿಸಲಿ. ಡಾಂಬರಿಗಿಂತ ಎಷ್ಟು ಹೆಚ್ಚೆಂಬುದು ತಿಳಿದರೆ ಇದೇ ರೀತಿಯಲ್ಲಿ ಮತ್ತೊಮ್ಮೆ ಲೆಕ್ಕ ಹಾಕಿ ನೋಡಬಹುದು.