ಪ್ರೊಫೈಲಿನಲ್ಲಿ ಬರೆದ ಕೆಲಸ, ಮನೆತನ, ಫೋಟೊ ನಿಜವೇ ಎಂದು ನೋಡುವುದು ಹೇಗೆ?

ಶೈಲಜಾ: ತಂಗಿಗೆ ಮ್ಯಾಟ್ರಿಮನಿ ಆ್ಯಪ್‌ನಲ್ಲಿ ಒಂದು ಸಂಬಂಧ ಬಂದಿದೆ. ಹುಡುಗ ಬೆಂಗಳೂರಿನ ದೊಡ್ಡ ಐಟಿ ಕಂಪನಿಯಲ್ಲಿ ಸೀನಿಯರ್ ಎಂಜಿನಿಯರ್, ವರ್ಷಕ್ಕೆ 22 ಲಕ್ಷ ಅಂತ ಹಾಕಿದ್ದಾರೆ. ತಂದೆ ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಹಾಸನದ ಕಡೆ ಸ್ವಂತ ಮನೆ. ಎರಡು ಸಲ ಫೋನಿನಲ್ಲಿ ಮಾತಾಡಿದ್ದೇವೆ. ಮುಂದಿನ ತಿಂಗಳು ಹೆಣ್ಣು ನೋಡೋಕೆ ಬರ್ತೀವಿ ಅಂದಿದ್ದಾರೆ. ಅಷ್ಟರೊಳಗೆ ಇದೆಲ್ಲ ನಿಜವಾ ಅಂತ ತಿಳಿಯೋದು ಹೇಗೆ? ಅವರಿಗೆ ಬೇಜಾರೂ ಆಗಬಾರದು.

ರಾಘು: ಪ್ರೊಫೈಲ್‌ಗೆ ವೆರಿಫೈಡ್ ಗುರುತು ಇದೆಯಾ ನೋಡಿ. ಇದ್ದರೆ ಆ್ಯಪ್‌ನವರೇ ಪರಿಶೀಲಿಸಿರುತ್ತಾರೆ. ಜೊತೆಗೆ ಮೂರು ತಿಂಗಳ ಸ್ಯಾಲರಿ ಸ್ಲಿಪ್ ತರಿಸಿಕೊಳ್ಳಿ, ಅಲ್ಲಿಗೆ ಮುಗೀತು.

ವಿಜಯಾ: ಕಂಪನಿಗಳಿಗೆ ಹೊಸದಾಗಿ ಸೇರುವವರ ಹಿಂದಿನ ಕೆಲಸ ನಿಜವೋ ಸುಳ್ಳೋ ಎಂದು ಪರಿಶೀಲಿಸುವುದು ನನ್ನ ವೃತ್ತಿ. ಈಗೀಗ ಮದುವೆ ಮಾತುಕತೆಗೂ ಮಾಡಿಕೊಡುತ್ತೇನೆ. ರಾಘು ಅವರೇ, ಆ ಗುರುತಿನ ಅರ್ಥ ಸಾಮಾನ್ಯವಾಗಿ ಫೋನ್ ನಂಬರ್ ಅಥವಾ ಒಂದು ಗುರುತಿನ ಚೀಟಿ ಸರಿಹೊಂದಿತು ಎನ್ನುವಷ್ಟೇ. ಸಂಬಳ, ಹುದ್ದೆಯನ್ನು ಹುಡುಗನ ಕಡೆಯವರು ತಾವೇ ತುಂಬಿರುತ್ತಾರೆ. ಇನ್ನು ಸ್ಯಾಲರಿ ಸ್ಲಿಪ್ ಒಂದು ಪಿಡಿಎಫ್. ಹೆಸರು, ಅಂಕಿ ಬದಲಿಸಲು ಹತ್ತು ನಿಮಿಷ ಸಾಕು. ನಮ್ಮ ಕೈಗೆ ಬರುವ ನಕಲಿ ದಾಖಲೆಗಳಲ್ಲಿ ಅದು ತೀರಾ ಮಾಮೂಲು.

ಶೈಲಜಾ ಅವರೇ, ಮೊದಲು ಕೆಲಸದ ವಿಷಯ ಹಿಡಿಯಿರಿ. ಶುದ್ಧ ಸುಳ್ಳಿಗಿಂತ ಅರ್ಧ ನಿಜವೇ ಅಲ್ಲಿ ಹೆಚ್ಚು. ನಾನು ನೋಡಿದ ಒಂದು ಪ್ರಕರಣ ಹೇಳುತ್ತೇನೆ. ಹುಡುಗ ಹೆಸರಾಂತ ಕಂಪನಿಯ ಕ್ಯಾಂಪಸ್‌ನಲ್ಲಿ ನಿಂತ ಫೋಟೊ, ಕೊರಳಲ್ಲಿ ಐಡಿ ಕಾರ್ಡು, ಆನ್‌ಲೈನ್ ಪ್ರೊಫೈಲಿನಲ್ಲೂ ಅದೇ ಕಂಪನಿಯ ಹೆಸರು. ಅವನು ದಿನಾ ಆ ಕಟ್ಟಡಕ್ಕೇ ಹೋಗುತ್ತಿದ್ದ. ಆದರೆ ಸಂಬಳ ಕೊಡುತ್ತಿದ್ದದ್ದು ಜನರನ್ನು ಒದಗಿಸುವ ಬೇರೊಂದು ಸಣ್ಣ ಸಂಸ್ಥೆ. ಒಪ್ಪಂದ ಮುಗಿಯಲು ಕೆಲವೇ ತಿಂಗಳು ಉಳಿದಿತ್ತು. ಅಪ್ಪ ಅಮ್ಮನಿಗೂ ಈ ವ್ಯತ್ಯಾಸ ಗೊತ್ತಿರಲಿಲ್ಲ, ಆದ್ದರಿಂದ ಅವರ ಮಾತಿನಲ್ಲಿ ಎಲ್ಲಿಯೂ ತಡವರಿಕೆ ಇರಲಿಲ್ಲ.

ಇದು ಗೊತ್ತಾದದ್ದು ಪಿಎಫ್ ದಾಖಲೆಯಿಂದ. ಪಿಎಫ್ ಸದಸ್ಯರ ಪೋರ್ಟಲ್‌ನಲ್ಲಿ ಯುಎಎನ್ ಎಂಬ ಸದಸ್ಯ ಸಂಖ್ಯೆ, ಪಾಸ್‌ವರ್ಡ್ ಹಾಕಿ ಒಳಗೆ ಹೋದರೆ View ಕೆಳಗೆ Service History ಎಂದು ಇರುತ್ತದೆ. ಯಾವ ಸಂಸ್ಥೆ, ಯಾವ ದಿನ ಸೇರಿದ್ದು, ಯಾವ ದಿನ ಬಿಟ್ಟದ್ದು, ಎಲ್ಲ ಸಾಲಾಗಿ ಕಾಣುತ್ತದೆ. ಸಂಸ್ಥೆಯ ಹೆಸರನ್ನು ಅಲ್ಲಿ ಸೇರಿಸುವುದು ಸಂಸ್ಥೆಯೇ ಹೊರತು ಉದ್ಯೋಗಿಯಲ್ಲ. ಅದಕ್ಕೇ ನಾನು ಅದನ್ನು ನಂಬುತ್ತೇನೆ. ಆದರೆ ಸ್ಕ್ರೀನ್‌ಶಾಟ್ ಬೇಡ. ಎದುರಿಗೆ ಕೂತಾಗ ಹುಡುಗ ತನ್ನ ಫೋನಿನಲ್ಲೇ ತೆರೆದು ತೋರಿಸಬೇಕು. ಎಲ್ಲರಿಗೂ ಪಿಎಫ್ ಇರಲೇಬೇಕೆಂದಿಲ್ಲ. ಸರ್ಕಾರಿ ನೌಕರರಿಗೆ ಈ ದಾಖಲೆ ಇರುವುದಿಲ್ಲ, ಸ್ವಂತ ವ್ಯವಹಾರ ಇರುವವರಲ್ಲೂ ಸಾಮಾನ್ಯವಾಗಿ ಸಿಗುವುದಿಲ್ಲ.

ಸಂಬಳದ ವಿಷಯಕ್ಕೆ Form 26AS. ಆದಾಯ ತೆರಿಗೆ ಪೋರ್ಟಲ್‌ನಿಂದ ತೆರೆದರೆ ತೆರಿಗೆ ಹಿಡಿದ ಸಂಸ್ಥೆಯ ಹೆಸರು, ಕೊಟ್ಟ ಮೊತ್ತ, ಹಿಡಿದ ತೆರಿಗೆ ಕಾಣುತ್ತದೆ. ಎರಡೂ ಕಡೆ ಸಂಸ್ಥೆಯ ಹೆಸರು ಒಂದೇ ಇದ್ದರೆ ಕೆಲಸದ ಪ್ರಶ್ನೆ ಬಹುಮಟ್ಟಿಗೆ ತೀರಿತು.

ರಾಘು: ಮೇಡಂ, ಹೆಣ್ಣು ನೋಡೋಕೆ ಬಂದವರ ಮುಂದೆ ತೆರಿಗೆ ದಾಖಲೆ ಕೇಳಿದರೆ ಎದ್ದು ಹೋಗುತ್ತಾರೆ. ನಮ್ಮ ಮನೇಲಿ ಯಾರಾದರೂ ಹೀಗೆ ಕೇಳಿದ್ದರೆ ನಾನೇ ಬೇಡ ಅಂತಿದ್ದೆ.

ವಿಜಯಾ: ಮೊದಲ ಭೇಟಿಯಲ್ಲಿ ಕೇಳಬೇಡಿ, ಅದು ಒಪ್ಪುವ ಮಾತು. ಹುಡುಗ ಹುಡುಗಿ ಇಬ್ಬರೂ ಒಪ್ಪಿ, ನಿಶ್ಚಿತಾರ್ಥದ ದಿನ ಗೊತ್ತುಮಾಡುವ ಮೊದಲು ಕೇಳಿ. ನಮ್ಮ ಹುಡುಗಿಯದನ್ನೂ ತೋರಿಸುತ್ತೇವೆ ಎಂದು ಸೇರಿಸಿ. ಅದಕ್ಕೂ ಮುಂಚೆ ಮಾಡಬಹುದಾದ ಸಣ್ಣ ಪರೀಕ್ಷೆ ಎಂದರೆ ಕಂಪನಿಯ ಇಮೇಲ್‌ನಿಂದ ಒಂದು ಸಾಲು ಕಳಿಸಲು ಹೇಳುವುದು. ಬಂದಮೇಲೆ @ ಗುರುತಿನ ನಂತರದ ಭಾಗವನ್ನು ಅಕ್ಷರ ಅಕ್ಷರವಾಗಿ ಕಂಪನಿಯ ವೆಬ್‌ಸೈಟ್ ವಿಳಾಸದೊಂದಿಗೆ ಹೋಲಿಸಿ, ಅದೇ ವಿಳಾಸಕ್ಕೆ ಮರುಉತ್ತರ ಬರೆದು ಮತ್ತೆ ಉತ್ತರ ಬರುತ್ತದೆಯೇ ನೋಡಿ. ಹೊರಗುತ್ತಿಗೆಯವರಿಗೂ ಕೆಲವೊಮ್ಮೆ ಅದೇ ಕಂಪನಿಯ ಇಮೇಲ್ ಕೊಟ್ಟಿರುತ್ತಾರೆ, ಹಾಗಾಗಿ ಇದು ಮೊದಲ ಜರಡಿ ಮಾತ್ರ.

22 ಲಕ್ಷದ ಬಗ್ಗೆಯೂ ಒಂದು ಮಾತು. ಅದು ಸಿಟಿಸಿ, ಅಂದರೆ ಕಂಪನಿ ಒಬ್ಬರ ಮೇಲೆ ಮಾಡುವ ಒಟ್ಟು ಖರ್ಚು ಇರಬಹುದು. ಅದರಲ್ಲಿ ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ಕೆಲಸ ನೋಡಿ ಕೊಡುವ ಬೋನಸ್ ಎಲ್ಲ ಸೇರಿರುತ್ತವೆ. ಬೋನಸ್ ಎರಡೂವರೆ ಲಕ್ಷ ಎಂದಿಟ್ಟುಕೊಂಡು, ಪಿಎಫ್ ಮತ್ತು ಹೊಸ ಪದ್ಧತಿಯ ತೆರಿಗೆ ಕಳೆದರೆ ತಿಂಗಳಿಗೆ ಕೈಗೆ ಬರುವುದು ಸುಮಾರು ಒಂದೂಕಾಲು ಲಕ್ಷದ ಆಸುಪಾಸು. 22 ಲಕ್ಷವನ್ನು 12ರಿಂದ ಭಾಗಿಸಿ 1 ಲಕ್ಷ 83 ಸಾವಿರ ಎಂದುಕೊಂಡವರಿಗೆ ಆಮೇಲೆ ಮೋಸ ಹೋದ ಹಾಗೆ ಅನಿಸುತ್ತದೆ. ಅಲ್ಲಿ ಯಾರೂ ಸುಳ್ಳು ಹೇಳಿರುವುದಿಲ್ಲ. ತಿಂಗಳಿಗೆ ಕೈಗೆ ಎಷ್ಟು ಬರುತ್ತದೆ ಎಂದು ನೇರವಾಗಿ ಕೇಳಿಬಿಡಿ.

ಮಲ್ಲಣ್ಣ: ತಂಗೀ, ಸ್ವಂತ ಮನೆ ಜಮೀನು ಅಂದಮೇಲೆ ಮೊದಲು ಪಹಣಿ ತೆಗೆಸಿ. ಸರ್ವೆ ನಂಬರ್ ಗೊತ್ತಿದ್ದರೆ ಭೂಮಿ ವೆಬ್‌ಸೈಟ್‌ನಲ್ಲೇ ನೋಡಬಹುದು. 9ನೇ ಕಾಲಮ್ಮಿನಲ್ಲಿ ಮಾಲೀಕರ ಹೆಸರು, 11ರಲ್ಲಿ ಸಾಲದ ವಿವರ. ನಮ್ಮ ಸಂಬಂಧಿಕರೊಬ್ಬರ ಮನೆಗೆ ಬಂದವರು 6 ಎಕರೆ ಅಂದಿದ್ದರು, ಪಹಣಿಯಲ್ಲಿ ನಾಲ್ಕು ಜನ ಅಣ್ಣತಮ್ಮಂದಿರ ಹೆಸರು ಜಂಟಿಯಾಗಿ ಇತ್ತು. ಒಬ್ಬೊಬ್ಬರಿಗೆ ಒಂದೂವರೆ ಎಕರೆ ಬಂತು.

ಶೈಲಜಾ: ಮಲ್ಲಣ್ಣ ಅವರೇ, ಜಮೀನಿನ ಮಾತು ಅವರು ಎತ್ತಿಲ್ಲ, ನಮಗೂ ಅದು ಬೇಕಿಲ್ಲ. ಮನೆಯವರು ಎಂಥವರು ಅನ್ನೋದೇ ನಮ್ಮ ಚಿಂತೆ.

ಸವಿತಾ: ನನ್ನ ಚಿಕ್ಕಪ್ಪನ ಮಗಳಿಗೆ ಆದದ್ದು ಹೇಳ್ತೀನಿ. ಕೆಲಸ, ಸಂಬಳ ಎಲ್ಲ ಸರಿಯಾಗೇ ಇತ್ತು. ಹುಡುಗನಿಗೆ ಮೊದಲೇ ಮದುವೆಯಾಗಿ ವಿಚ್ಛೇದನದ ಕೇಸು ನಡೀತಿತ್ತು, ಅದನ್ನೇ ಮುಚ್ಚಿಟ್ಟಿದ್ದರು. ನಿಶ್ಚಿತಾರ್ಥ ಆದಮೇಲೆ ತಿಳೀತು. ದಯವಿಟ್ಟು ಕೋರ್ಟ್ ದಾಖಲೆ ನೋಡಿ.

ವಿಜಯಾ: ಸವಿತಾ ಅವರು ಹೇಳಿದ್ದು ಬಹಳ ಮುಖ್ಯ. services.ecourts.gov.in ನಲ್ಲಿ Case Status, ಅದರಲ್ಲಿ Party Name ಆರಿಸಿ. ರಾಜ್ಯ, ಜಿಲ್ಲೆ, ಕೋರ್ಟ್ ಸಂಕೀರ್ಣ, ವರ್ಷ ಕೊಡಬೇಕು. ಹುಡುಗನ ಊರಿನ ಜಿಲ್ಲೆಯ ಜೊತೆಗೆ ಬೆಂಗಳೂರನ್ನೂ ನೋಡಿ, ಹಿಂದಿನ ಕೆಲವು ವರ್ಷಗಳನ್ನು ಒಂದೊಂದಾಗಿ ಹಾಕಿ. ಜನ ಎಡವುವುದು ಹೆಸರಿನ ಕಾಗುಣಿತದಲ್ಲಿ. Manjunath ಎಂದು ಹಾಕಿದರೆ ಸಿಗದ ಕೇಸು Manju ಎಂದಷ್ಟೇ ಹಾಕಿದಾಗ ಸಿಕ್ಕೀತು. ತಂದೆಯ ಹೆಸರಿನಿಂದಲೂ ಹುಡುಕಿ. ಅದೇ ಹೆಸರಿನವರು ನೂರು ಜನ ಇರುತ್ತಾರೆ, ಸಿಕ್ಕಿದ ಕೂಡಲೇ ಇವನೇ ಎಂದು ತೀರ್ಮಾನಿಸಬೇಡಿ. ಏನೂ ಸಿಗದಿದ್ದರೆ ಏನೂ ಇಲ್ಲ ಎಂದೂ ಅಲ್ಲ. ಬೇರೆ ಜಿಲ್ಲೆಯಲ್ಲಿ ಇರಬಹುದು, ಕೋರ್ಟಿಗೆ ಹೋಗದೆ ಬೇರೆಯಾಗಿರಲೂಬಹುದು.

ಅದಕ್ಕೇ ಊರಿನ ವಿಚಾರಣೆಗೆ ಇವತ್ತಿಗೂ ಬೆಲೆ. ಆದರೆ ಕೇಳುವ ರೀತಿ ಸರಿಯಿರಬೇಕು. ಆ ಮನೆಯವರು ಹೇಗೆ ಎಂದು ಕೇಳಿದರೆ ಯಾರೇ ಆಗಲಿ ಒಳ್ಳೆಯವರು ಎಂದೇ ಹೇಳುತ್ತಾರೆ, ಮದುವೆ ಕೆಡಿಸಿದ ಪಾಪ ಯಾರಿಗೂ ಬೇಡ. ಅಭಿಪ್ರಾಯ ಕೇಳಬೇಡಿ, ಸಂಗತಿ ಕೇಳಿ. ಮನೆಯಲ್ಲಿ ಈಗ ಯಾರ್ಯಾರಿದ್ದಾರೆ, ಮಗ ಹಬ್ಬಕ್ಕೆ ಬಂದಿದ್ದನೇ, ಆ ಮನೆಯಲ್ಲಿ ಕೊನೆಯ ಶುಭಕಾರ್ಯ ಯಾವುದು ಎಂದು ಕೇಳಿ. ಮುಚ್ಚಿಟ್ಟ ಮದುವೆ ಹೊರಬರುವುದು ಇಂಥ ಪ್ರಶ್ನೆಯಿಂದಲೇ. ತಂದೆ ಮೇಷ್ಟ್ರು ಎಂದಿದ್ದೀರಲ್ಲ, ನಿಮಗೆ ಅದು ಅನುಕೂಲ. ಯಾವ ಯಾವ ಶಾಲೆ, ಯಾವ ವರ್ಷ ನಿವೃತ್ತಿ ಎಂದು ಮಾತಿನ ನಡುವೆ ಕೇಳಿಕೊಳ್ಳಿ. ಜೊತೆಗೆ ಪಾಠ ಮಾಡಿದವರು, ಅವರ ಕೈಯಲ್ಲಿ ಓದಿದವರು ಸಿಕ್ಕೇ ಸಿಗುತ್ತಾರೆ. ಒಬ್ಬರಿಗೊಬ್ಬರು ಸಂಬಂಧವಿಲ್ಲದ ಇಬ್ಬರು ಒಂದೇ ಸಂಗತಿ ಹೇಳಬೇಕು. ಒಬ್ಬರೇ ಹೇಳಿದ್ದಾದರೆ ಅದು ಬೇಲಿ ಜಗಳದ ಮಾತೂ ಆಗಿರಬಹುದು.

ಸವಿತಾ: ಫೋಟೊ ಬಗ್ಗೆಯೂ ಹೇಳಿ ಮೇಡಂ. ಗೂಗಲ್‌ನಲ್ಲಿ ಹಾಕಿ ನೋಡಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತಲ್ವಾ?

ವಿಜಯಾ: ಬೇರೆಯವರ ಫೋಟೊ ಕದ್ದು ಹಾಕಿದ್ದರೆ ಗೂಗಲ್ ಲೆನ್ಸ್‌ನಲ್ಲಿ ಕೆಲವೊಮ್ಮೆ ಸಿಗುತ್ತದೆ. ಇಡೀ ಫೋಟೊ ಒಮ್ಮೆ, ಮುಖ ಮಾತ್ರ ಕತ್ತರಿಸಿ ಇನ್ನೊಮ್ಮೆ, ಹಿಂದಿನ ಕಟ್ಟಡವನ್ನು ಬೇರೆಯಾಗಿ ಹಾಕಿ ನೋಡಿ. ಆದರೆ ಯಾರದೋ ಖಾಸಗಿ ಖಾತೆಯಿಂದ ತೆಗೆದ ಫೋಟೊ ಅಲ್ಲಿ ಬರುವುದೇ ಇಲ್ಲ. ಮನೆಯವರ ಮೂಲಕ ಬಂದ ಸಂಬಂಧಗಳಲ್ಲಿ ನಾನು ಹೆಚ್ಚು ನೋಡುವುದು ಕದ್ದ ಫೋಟೊ ಅಲ್ಲ, ಐದಾರು ವರ್ಷ ಹಳೆಯ ಫೋಟೊ. ಅದಕ್ಕೆ ಮದ್ದು ವಿಡಿಯೊ ಕರೆ. ಮನೆಯವರೆಲ್ಲ ಕೂತು ಮಾತಾಡೋಣ ಎಂದು ಕರೆ ಮಾಡಿದರೆ ಮುಖ, ಮನೆ, ಮನೆಯವರು ಮೂರೂ ಒಟ್ಟಿಗೆ ಕಾಣುತ್ತವೆ. ಕ್ಯಾಮೆರಾ ಕೆಟ್ಟಿದೆ, ನೆಟ್‌ವರ್ಕ್ ಇಲ್ಲ ಎಂದು ಮತ್ತೆ ಮತ್ತೆ ತಪ್ಪಿಸಿಕೊಳ್ಳುತ್ತಾ, ಜೊತೆಗೆ ಕಸ್ಟಮ್ಸ್‌ನಲ್ಲಿ ಉಡುಗೊರೆ ಸಿಕ್ಕಿಬಿದ್ದಿದೆ, ತುರ್ತಾಗಿ ಹಣ ಬೇಕು ಎಂದರೆ ಅಲ್ಲಿಗೆ ಮಾತು ನಿಲ್ಲಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಶೈಲಜಾ: ಇವತ್ತು ಸಂಜೆ ಅಪ್ಪ ಫೋನ್ ಮಾಡಿ ಸುಮ್ಮನೆ ವಿಚಾರಿಸಿದರು. ಸ್ಯಾಲರಿ ಸ್ಲಿಪ್ ಈಗಲೇ ಕಳಿಸ್ತೀನಿ ಅಂದ ಹುಡುಗ, ಪಿಎಫ್ ಮಾತು ಬಂದಾಗ ಯುಎಎನ್ ಪಾಸ್‌ವರ್ಡ್ ಮರೆತಿದೆ ಅಂದ. ಅನುಮಾನ ಪಡಬೇಕಾ? ಮಾವ ಒಬ್ಬರು ಪತ್ತೇದಾರಿ ಏಜೆನ್ಸಿಗೆ ಕೊಡೋಣ, ಫೋನ್ ಕರೆಗಳ ವಿವರನೂ ತೆಗೆಸ್ತಾರೆ ಅಂತಿದ್ದಾರೆ.

ರಾಘು: ನನಗೂ ಯುಎಎನ್ ಪಾಸ್‌ವರ್ಡ್ ನೆನಪಿಲ್ಲ. ಇದಕ್ಕೆಲ್ಲ ಅನುಮಾನ ಪಟ್ಟರೆ ಮದುವೆ ಆಗೋದು ಹೇಗೆ?

ವಿಜಯಾ: ಪಾಸ್‌ವರ್ಡ್ ಮರೆಯುವುದು ನಿಜಕ್ಕೂ ಸಾಮಾನ್ಯ, ಅಷ್ಟಕ್ಕೇ ಅನುಮಾನ ಬೇಡ. ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿದ್ದರೆ ಒಟಿಪಿ ಮೂಲಕ ಹೊಸದು ಮಾಡಿಕೊಳ್ಳಬಹುದು. ಹೆಣ್ಣು ನೋಡಲು ಬರುವವರೆಗೂ ಸಮಯವಿದೆಯಲ್ಲ, ಬಿಡುವಾದಾಗ ಮಾಡಿ ಎಂದು ಹೇಳಿ ಬಿಟ್ಟುಬಿಡಿ. ಆಮೇಲೂ ಬೇರೆ ಬೇರೆ ಕಾರಣ ಬಂದರೆ ನಿಮ್ಮ ತಂದೆಯವರೇ ನೇರವಾಗಿ ಕೇಳಲಿ: ಕಂಪನಿಯ ರೋಲ್‌ನಲ್ಲಿ ಇದ್ದೀರಾ, ಬೇರೆ ಸಂಸ್ಥೆಯ ಮೂಲಕವಾ? ನಾನು ಹೇಳಿದ ಹುಡುಗ ಈ ಒಂದು ಪ್ರಶ್ನೆಗೆ ಎಲ್ಲವನ್ನೂ ಒಪ್ಪಿಕೊಂಡ. ಹುಡುಗಿಯ ಮನೆಯವರು ನಿಜವಾದ ಸಂಬಳ ಕೇಳಿ, ಯೋಚಿಸಿ, ಆ ಸಂಬಂಧವನ್ನೇ ಮುಂದುವರಿಸಿದರು.

ಏಜೆನ್ಸಿಗೆ ಕೊಡುವುದೇ ಆದರೆ ಏನು ಮಾಡುತ್ತೀರಿ, ಹೇಗೆ ಮಾಡುತ್ತೀರಿ ಎಂದು ಮೊದಲು ಬರೆಸಿಕೊಳ್ಳಿ. ಊರಿನಲ್ಲಿ ವಿಚಾರಿಸುವುದು, ಸಾರ್ವಜನಿಕ ದಾಖಲೆ ನೋಡುವುದು ಸರಿ. ಫೋನ್ ಕರೆಗಳ ವಿವರ, ಬ್ಯಾಂಕ್ ಖಾತೆಯ ವಿವರ ತೆಗೆಸಿಕೊಡುತ್ತೇವೆ ಎನ್ನುವವರ ಹತ್ತಿರ ಹೋಗಲೇಬೇಡಿ. ಹಾಗೆ ತೆಗೆಯುವುದು ಅಪರಾಧ, ಹಣ ಕೊಟ್ಟು ತೆಗೆಸಿದವರ ಮೇಲೂ ಕೇಸಾಗಬಹುದು. ಮಾವನವರಿಗೆ ಇದನ್ನು ಇವತ್ತೇ ಹೇಳಿಬಿಡಿ.